ಪ್ರಾಜೆಕ್ಟ್ ಮುಗಿಯಿತು, ಇನ್ನು ಸಪೋರ್ಟಿನವರ ಕೈಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಗೆ ಬಂದು ಹದಿನಾರು ವರ್ಷವಾಯಿತು. ಮೊದಲು ರಾತ್ರಿ ಪಾಳಿಯ ಸಪೋರ್ಟಿನಲ್ಲಿದ್ದೆ, ಈಗ ಸಾಫ್ಟ್‌ವೇರ್ ಕಟ್ಟಿಕೊಡುವ ಕಡೆ ಇದ್ದೇನೆ. ಹಾಗಾಗಿ ಎರಡೂ ಕಡೆಯ ಬೈಗುಳ ತಿಂದಾಗಿದೆ. ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡುವ ನಮ್ಮ ಹುಡುಗರು ಭಾನುವಾರ ಸಿಕ್ಕಾಗ ಕೇಳುವ ಪ್ರಶ್ನೆಗಳೇ ಇಲ್ಲಿರುವುದು. ಉದಾಹರಣೆಗೆ ಒಂದೇ ಪ್ರಾಜೆಕ್ಟ್ ಹಿಡಿದುಕೊಂಡಿದ್ದೇನೆ. ಚಾಕಣದ ಒಂದು ಬಿಡಿಭಾಗ ಕಾರ್ಖಾನೆಗೆ ನಾವು ಮಾಡಿಕೊಟ್ಟ ಡಿಸ್ಪ್ಯಾಚ್ ಸಿಸ್ಟಮ್ ಅದು. ಲಾರಿ ಒಳಗೆ ಬರುತ್ತದೆ, ವೇಬ್ರಿಡ್ಜ್ ಮೇಲೆ ತೂಕವಾಗುತ್ತದೆ, ಮಾಲಿಗೆ ಲೇಬಲ್ ಅಂಟುತ್ತದೆ, ಇ-ವೇ ಬಿಲ್ ಆಗುತ್ತದೆ, ಗೇಟ್ ಪಾಸ್ ಪ್ರಿಂಟ್ ಆದ ಮೇಲೆ ಲಾರಿ ಹೊರಗೆ ಹೋಗುತ್ತದೆ. ಜುಲೈ 1ಕ್ಕೆ ಶುರು ಮಾಡಿದೆವು. ವಾರಂಟಿ 90 ದಿನ.

ಹಸ್ತಾಂತರ ಅಂದರೆ ಯಾವ ದಿನ? ಮೀಟಿಂಗ್ ಆಗಿ ಸಹಿ ಬಿದ್ದ ದಿನವೇ?

ಕಾಗದದ ಮೇಲೆ ಹೌದು. ನಿಜದಲ್ಲಿ, ಗೇಟಿನವರು ಫೋನ್ ಮಾಡಿದಾಗ ಮೊದಲು ಎತ್ತುವವರು ಬದಲಾದ ದಿನ.

ನಾವು ಅದನ್ನು ಮೂರು ಹಂತ ಮಾಡಿದ್ದೆವು. ಮೊದಲ ಎರಡು ವಾರ ಫೋನ್ ನಾವೇ ಎತ್ತುತ್ತಿದ್ದೆವು, ಸಪೋರ್ಟಿನ ಇಬ್ಬರು ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಮುಂದಿನ ನಾಲ್ಕು ವಾರ ಅವರು ಎತ್ತುತ್ತಿದ್ದರು, ನಾವು ಪಕ್ಕದಲ್ಲಿ. ಆಮೇಲೆ ಅವರೇ. ಅವರಿಂದ ಆಗದಿದ್ದರೆ ಮಾತ್ರ ನಮಗೆ ಕರೆ. ಜಾಸ್ತಿ ಕಲಿಕೆ ಆಗುವುದು ನಡುವಿನ ನಾಲ್ಕು ವಾರದಲ್ಲಿ. ಆದರೆ ಬಜೆಟ್ ಕಡಿಮೆಯಾದರೆ ಎಲ್ಲರೂ ಮೊದಲು ಕತ್ತರಿ ಹಾಕುವುದೂ ಅದಕ್ಕೇ. ನಾಲ್ಕು ಸಾಧ್ಯವಿಲ್ಲದಿದ್ದರೆ ಎರಡು ವಾರವಾದರೂ ಇಟ್ಟುಕೊಳ್ಳಿ, ಪೂರ್ತಿ ತೆಗೆಯಬೇಡಿ.

ವಾರಂಟಿಯ 90 ದಿನ ಯಾವತ್ತಿನಿಂದ ಎಣಿಸಬೇಕು?

ಇದು ಕರಾರಿನಲ್ಲಿ ಒಂದು ಸಾಲು, ಆದರೆ ಜಗಳದಲ್ಲಿ ಹತ್ತು ಮೀಟಿಂಗ್. ಗ್ರಾಹಕರು ಪರೀಕ್ಷೆ ಮಾಡಿ ಒಪ್ಪಿ ಸಹಿ ಹಾಕಿದ ದಿನದಿಂದಲೋ ಅಥವಾ ನಿಜವಾದ ಲಾರಿ ನಿಜವಾದ ಗೇಟ್ ದಾಟಿದ ದಿನದಿಂದಲೋ? ನಮ್ಮಲ್ಲಿ ಇವೆರಡರ ನಡುವೆ ಆರು ವಾರ ಅಂತರವಿತ್ತು. ಯಾಕೆಂದರೆ ಪ್ರಿಂಟರ್‌ಗಳು ತಡವಾಗಿ ಬಂದವು. ಸಹಿ ದಿನದಿಂದ ಎಣಿಸಿದ್ದರೆ 90ರಲ್ಲಿ 42 ದಿನ ಯಾರೂ ಬಳಸದ ಸಿಸ್ಟಮ್ ಮೇಲೆ ಕಳೆದುಹೋಗುತ್ತಿತ್ತು.

ಕಟ್ಟಿಕೊಡುವವನಾಗಿ ನನಗೆ ಸಹಿ ದಿನವೇ ಲಾಭ, ನಿಜ. ಆದರೂ ಬಳಕೆ ಶುರುವಾದ ದಿನವನ್ನೇ ಬರೆಯಿರಿ ಎನ್ನುತ್ತೇನೆ. ಪ್ರತಿಯಾಗಿ ಒಂದು ಷರತ್ತು ಹಾಕಿ: ಗ್ರಾಹಕರ ಕಡೆಯಿಂದ ತಡವಾದರೆ ಸಹಿಯಾಗಿ ಇಷ್ಟು ದಿನವಾದ ಮೇಲೆ, ಉದಾಹರಣೆಗೆ 60 ದಿನ, ವಾರಂಟಿ ತಾನಾಗೇ ಶುರು. ಆಗ ಇಬ್ಬರಿಗೂ ನ್ಯಾಯ.

ಇನ್ನೊಂದು ವಿಷಯ. ಸಿಸ್ಟಮ್‌ನ ಎಲ್ಲ ಭಾಗವೂ ದಿನಾ ಓಡುವುದಿಲ್ಲ. ಗೇಟ್ ಪಾಸ್ ದಿನಾ ಆಗುತ್ತದೆ, ತಿಂಗಳ ಲೆಕ್ಕ ತಿಂಗಳಿಗೊಮ್ಮೆ, ಮಾರ್ಚ್ 31ರ ಕೆಲಸ ವರ್ಷಕ್ಕೊಮ್ಮೆ. ಜುಲೈನಲ್ಲಿ ಶುರುವಾದ 90 ದಿನ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಏಪ್ರಿಲ್ 1ಕ್ಕೆ ಗೇಟ್ ಪಾಸ್ ನಂಬರ್ ಮತ್ತೆ 1ರಿಂದ ಶುರುವಾಗಬೇಕು ಅಂತಿದ್ದರೆ, ಆ ಭಾಗ ವಾರಂಟಿಯಲ್ಲಿ ಒಮ್ಮೆಯೂ ಓಡಿರುವುದಿಲ್ಲ. ಆ ಒಂದು ಕೆಲಸಕ್ಕೆ ಮಾತ್ರ 'ಮೊದಲ ಸಲ ಓಡುವವರೆಗೆ' ಅಂತ ಪ್ರತ್ಯೇಕವಾಗಿ ಬರೆದುಕೊಂಡೆವು. ಇಡೀ ವಾರಂಟಿಯನ್ನು ವರ್ಷಕ್ಕೆ ಎಳೆಯುವುದಕ್ಕಿಂತ ಇದು ಅಗ್ಗ.

88ನೇ ದಿನ ದೋಷ ಹೇಳಿದರು, ಸರಿಮಾಡಲು ಎರಡು ವಾರ ಬೇಕು. ಅದು ವಾರಂಟಿಯೊಳಗಾ?

ಒಳಗೆ. ಹೇಳಿದ ದಿನ ಲೆಕ್ಕ, ಸರಿಮಾಡಿದ ದಿನ ಅಲ್ಲ. ಕರಾರಿನಲ್ಲಿ ಇದನ್ನು ಬಿಡಿಸಿ ಬರೆಯಿರಿ. ಸರಿಮಾಡಿದ್ದು ಮತ್ತೆ ಕೆಟ್ಟರೆ ಏನು ಅನ್ನುವುದನ್ನೂ ಬರೆಯಿರಿ. ನಾವು ಪ್ರತಿ ದುರಸ್ತಿಗೆ 30 ದಿನ ಕೊಟ್ಟೆವು.

ಇದು ದೋಷವೋ, ಬದಲಾವಣೆಯೋ? ದಿನಾ ಇದೇ ಜಗಳ, ಅಣ್ಣಾ.

ಗೊತ್ತು. ದೋಷವಾದರೆ ಪುಕ್ಕಟೆ, ಬದಲಾವಣೆಯಾದರೆ ದುಡ್ಡು. ಅದಕ್ಕೇ ಜಗಳ. ಮೊದಲ ತಿಂಗಳು ಬಂದ ಕರೆಗಳನ್ನು ನೋಡಿ.

ಮೊದಲನೆಯದು. ವೇಬ್ರಿಡ್ಜ್‌ನ ಡಿಸ್‌ಪ್ಲೇ ಮೇಲೆ 12,480 ಕೆಜಿ, ನಮ್ಮ ಪರದೆ ಮೇಲೆ 1,248. ದಿನಕ್ಕೆ ಒಂದೆರಡು ಸಲ ಮಾತ್ರ. ತೂಕದ ಯಂತ್ರ ಸೀರಿಯಲ್ ಕೇಬಲ್ ಮೂಲಕ ಒಂದೇ ಸಮನೆ ಅಂಕಿ ಕಳಿಸುತ್ತಿರುತ್ತದೆ. ನಮ್ಮ ಪ್ರೋಗ್ರಾಮ್ ಸಾಲು ಪೂರ್ತಿ ಬರುವ ಮೊದಲೇ ಓದಿ ಮುಗಿಸುತ್ತಿತ್ತು, ಹಾಗಾಗಿ ಕೊನೆಯ ಅಂಕಿ ಬಿಟ್ಟುಹೋಗುತ್ತಿತ್ತು. ಇದು ದೋಷ, ಮಾತೇ ಇಲ್ಲ.

ಎರಡನೆಯದು. ಗೇಟ್ ಪಾಸ್ ಮೇಲೆ ಡ್ರೈವರ್ ಫೋನ್ ನಂಬರ್ ಬೇಕು. ಒಪ್ಪಿದ ನಮೂನೆಯಲ್ಲಿ ಅದಿರಲಿಲ್ಲ. ಬದಲಾವಣೆ.

ಮೂರನೆಯದರಲ್ಲಿ ತಲೆ ಕೆಡುತ್ತದೆ. ಹಳೆಯ ಚಲನ್ ಮೇಲೆ ಮಾಲು ವಾಪಸ್ ಕಳಿಸಲು ಹೋದರು, ಇ-ವೇ ಬಿಲ್ ಆಗಲಿಲ್ಲ. ನಮ್ಮ ಪರದೆ ಮೇಲೆ ಸುಮ್ನೆ `Error 500` ಅಂತ ಬಂತು. 'ನಿಮ್ಮ ಸಿಸ್ಟಮ್ ಕೆಟ್ಟಿದೆ' ಎಂದರು. ವಿಷಯ ಏನೆಂದರೆ, 2025ರ ಜನವರಿ 1ರಿಂದ ಪೋರ್ಟಲ್ 180 ದಿನಕ್ಕಿಂತ ಹಳೆಯ ದಾಖಲೆಗೆ ಇ-ವೇ ಬಿಲ್ ಕೊಡುವುದಿಲ್ಲ. ಅದು ಸರ್ಕಾರದ ನಿಯಮ, ನಾವು ಏನೂ ಮಾಡುವಂತಿಲ್ಲ. ಆದರೆ ಪೋರ್ಟಲ್ ಕಾರಣವನ್ನು ಸ್ಪಷ್ಟವಾಗಿ ವಾಪಸ್ ಕಳಿಸಿತ್ತು. ಅದನ್ನು ತೋರಿಸದೆ ನುಂಗಿದ್ದು ನಮ್ಮ ಪ್ರೋಗ್ರಾಮ್. ಹಾಗಾಗಿ ಒಂದೇ ಕರೆಯಲ್ಲಿ ಎರಡು ವಿಷಯ: ನಿಯಮ ನಮ್ಮದಲ್ಲ, ಸಂದೇಶ ತೋರಿಸದಿರುವುದು ನಮ್ಮ ದೋಷ. ಕರೆಯನ್ನು ಹೀಗೆ ಎರಡಾಗಿ ಒಡೆದು ಬರೆದ ಮೇಲೆ ಮೀಟಿಂಗ್ ಐದು ನಿಮಿಷದಲ್ಲಿ ಮುಗಿಯಿತು.

ದಾಖಲೆಯಲ್ಲಿ ಯಾರೂ ಏನೂ ಬರೆದಿರದ ವಿಷಯ ಬಂದರೆ? ಉದಾಹರಣೆಗೆ, ಬಟನ್ ಎರಡು ಸಲ ಒತ್ತಿದರೆ ಒಂದೇ ಲಾರಿಗೆ ಎರಡು ಗೇಟ್ ಪಾಸ್. 'ಎರಡು ಸಲ ಒತ್ತಬಾರದು ಅಂತ ಎಲ್ಲಿ ಬರೆದಿದೆ?' ಅಂತ ನಮ್ಮ ಹುಡುಗನೊಬ್ಬ ವಾದ ಮಾಡಿದ. ನಾನು ಒಪ್ಪಲಿಲ್ಲ. ನನ್ನ ಅಳತೆ ಇಷ್ಟೇ: ಲೆಕ್ಕ, ಸ್ಟಾಕ್ ಅಥವಾ ಹಣ ತಪ್ಪಾಗುತ್ತದೆ ಅಂದರೆ ಬರೆದಿರದಿದ್ದರೂ ದೋಷ. ಅನುಕೂಲದ ಮಾತಾದರೆ ಬದಲಾವಣೆ. ಇನ್ನೂ ಉಳಿದ ಅನುಮಾನದ ಕೇಸುಗಳಿಗೆ ಒಟ್ಟು ಐದು ದಿನದ ಕೆಲಸವನ್ನು ಬೆಲೆಯಲ್ಲೇ ಸೇರಿಸಿ ಪಕ್ಕಕ್ಕಿಟ್ಟಿದ್ದೆವು. ಕೊನೆಗೆ ಮೂರೂವರೆ ದಿನ ಖರ್ಚಾಯಿತು. ವಾದ ಮಾಡಿದ್ದರೆ ಅದಕ್ಕಿಂತ ಜಾಸ್ತಿ ಗಂಟೆ ಹೋಗುತ್ತಿತ್ತು ಅಂತ ನನ್ನ ಅಂದಾಜು.

ಎಸ್‌ಎಲ್‌ಎಯಲ್ಲಿ ನಿಮಗೆ ಬಿದ್ದ ಪೆಟ್ಟು ಯಾವುದು?

ಕ್ಯಾಲೆಂಡರ್! ಯಾವ ದಿನ, ಎಷ್ಟು ಹೊತ್ತಿನಲ್ಲಿ ಸರಿಮಾಡಿಕೊಡುತ್ತೇವೆ ಅನ್ನುವ ಮಾತೇ ಎಸ್‌ಎಲ್‌ಎ. ಅದರಲ್ಲಿ ಗಂಟೆಗಳ ಬಗ್ಗೆ ಎಲ್ಲರೂ ಚೌಕಾಸಿ ಮಾಡುತ್ತಾರೆ, ದಿನಗಳ ಬಗ್ಗೆ ಯಾರೂ ಕೇಳುವುದಿಲ್ಲ.

ಪಿಂಪ್ರಿ-ಚಿಂಚವಡ, ಭೋಸರಿ, ಚಾಕಣ ಕಡೆ ಬಹಳಷ್ಟು ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಭಾನುವಾರ ಮೂರೂ ಪಾಳಿ ಓಡುತ್ತದೆ. ನಮ್ಮ ಕರಾರಿನಲ್ಲಿ ಹಳೆಯ ನಮೂನೆಯಿಂದ ಎತ್ತಿ ಹಾಕಿದ ಸಾಲು ಹೀಗಿತ್ತು: ಸೋಮವಾರದಿಂದ ಶನಿವಾರ, ಬೆಳಿಗ್ಗೆ 9ರಿಂದ ಸಂಜೆ 6. ಕಾರ್ಖಾನೆ ಮುಚ್ಚಿದ ದಿನ ನಾವು ಫೋನ್ ಪಕ್ಕ ಕೂತಿರುತ್ತಿದ್ದೆವು, ಓಡುವ ದಿನ ಮನೆಯಲ್ಲಿ. ಎರಡೂ ಕಡೆಯ ನಾಲ್ಕು ಜನ ಅದಕ್ಕೆ ಸಹಿ ಹಾಕಿದ್ದರು, ನಾನೂ ಸೇರಿ.

ಈಗ ಮೊದಲು ಪಾಳಿಯ ಚಾರ್ಟ್ ತರಿಸಿ ನೋಡುತ್ತೇನೆ. ಲಾರಿ ಜಾಸ್ತಿ ಹೊರಡುವುದು ರಾತ್ರಿ ಎಂಟರಿಂದ ಹನ್ನೆರಡರ ನಡುವೆ. ಸಪೋರ್ಟ್ ಬೇಕಾದದ್ದೂ ಆಗಲೇ. ಗಣೇಶ ವಿಸರ್ಜನೆಯ ದಿನವನ್ನೂ ಕೇಳಿಕೊಳ್ಳಿ. ಆ ದಿನ ಪುಣೆ ರಸ್ತೆಯಲ್ಲಿ ಯಾರನ್ನೂ ಸ್ಥಳಕ್ಕೆ ಕಳಿಸಲು ಆಗುವುದಿಲ್ಲ. ಸಾಲದ್ದಕ್ಕೆ, ನಮ್ಮ ತಂಡದಲ್ಲಿ ಅರ್ಧ ಜನ ಹಬ್ಬಕ್ಕೆ ಹುಬ್ಬಳ್ಳಿ, ಕಲಬುರಗಿ ಬಸ್ಸು ಹತ್ತಿರುತ್ತಾರೆ.

99.5 ಶೇಕಡಾ ಲಭ್ಯತೆ ಅಂದರೆ ಎಷ್ಟು?

30 ದಿನದ ತಿಂಗಳಿಗೆ 720 ಗಂಟೆ. ಅದರ ಅರ್ಧ ಶೇಕಡಾ 3.6 ಗಂಟೆ, ಅಂದರೆ 3 ಗಂಟೆ 36 ನಿಮಿಷ ನಿಲ್ಲಬಹುದು. ಗುರುವಾರಗಳನ್ನು ಬಿಟ್ಟು 26 ದಿನ ಎಣಿಸಿದರೆ 624 ಗಂಟೆಗೆ ಸುಮಾರು 3 ಗಂಟೆ 7 ನಿಮಿಷ. 99.9 ಕೇಳಿದರೆ ಇಡೀ ತಿಂಗಳಿಗೆ 43 ನಿಮಿಷ. ಒಂದೇ ಸರ್ವರ್ ಇಟ್ಟುಕೊಂಡು 99.9 ಒಪ್ಪಿಕೊಳ್ಳಬೇಡಿ. ಡಿಸ್ಕ್ ಒಮ್ಮೆ ಕೆಟ್ಟರೆ ಬದಲಿಸುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು.

ಯಾವ ತೊಂದರೆ ಪಿ1, ಅಂದರೆ ಎಲ್ಲಕ್ಕಿಂತ ತುರ್ತು, ಯಾವುದು ಅದರ ಕೆಳಗಿನ ಪಿ2 ಅಂತ ಯಾರು ಹೇಳಬೇಕು?

ಗ್ರಾಹಕರು. ಆದರೆ ಸ್ಥಳದ ಮಾತಿನಲ್ಲಿ ಮೊದಲೇ ಬರೆದಿರಬೇಕು. 'ವ್ಯವಹಾರದ ಮೇಲೆ ತೀವ್ರ ಪರಿಣಾಮ' ಅಂತ ಬರೆದರೆ ಎಲ್ಲವೂ ಪಿ1 ಆಗುತ್ತದೆ. ನಾವು ಬರೆದದ್ದು: 'ತುಂಬಿದ ಲಾರಿ ಗೇಟ್ ದಾಟುತ್ತಿಲ್ಲ' ಪಿ1. 'ದಾಟುತ್ತಿದೆ, ಆದರೆ ಕೈಬರಹದ ಪಾಸ್ ಮೇಲೆ' ಪಿ2. ಗೇಟಿನಲ್ಲಿ ನಂಬರ್ ಹಾಕಿದ ಕೈಬರಹದ ಪಾಸ್ ಪುಸ್ತಕ ಒಂದು ಇಟ್ಟೆವು. ಅದು ಬಳಕೆಗೆ ಬಂದ ಕ್ಷಣ ಪಿ1 ಪಿ2 ಆಗುತ್ತದೆ. ಪುಸ್ತಕ ಇದ್ದರೂ ಬೀಗದೊಳಗಿದ್ದರೆ ಪಿ1ಯೇ. ನಗಬೇಡಿ, ಒಮ್ಮೆ ಹಾಗೂ ಆಗಿದೆ.

ಪ್ರತಿಕ್ರಿಯೆ ಸಮಯ, ಪರಿಹಾರ ಸಮಯ ಎರಡೂ ಬೇಕಾ?

ಬೇಕು. ನಮ್ಮಲ್ಲಿ ಪಿ1ಕ್ಕೆ 15 ನಿಮಿಷದಲ್ಲಿ ಪ್ರತಿಕ್ರಿಯೆ, 4 ಗಂಟೆಯಲ್ಲಿ ಪರಿಹಾರ. ತಾನಾಗೇ ಹೋಗುವ ಮೇಲ್ ಪ್ರತಿಕ್ರಿಯೆ ಅಲ್ಲ, ಒಬ್ಬ ಮನುಷ್ಯ ವಾಪಸ್ ಫೋನ್ ಮಾಡಿ ಮಾತಾಡಿದ್ದು ಮಾತ್ರ ಲೆಕ್ಕ.

ಇಲ್ಲಿ ಮರೆಯುವ ಒಂದು ಗಣಿತವಿದೆ. ಸಪೋರ್ಟಿನವರು ಕಾರ್ಖಾನೆಗೆ 4 ಗಂಟೆ ಮಾತು ಕೊಟ್ಟರೆ, ವಾರಂಟಿಯಲ್ಲಿ ನಾವು ಸಪೋರ್ಟಿಗೆ ಕೊಡುವ ಮಾತು 4 ಆಗಿರಬಾರದು. ಅವರು ಒಂದು ಗಂಟೆ ಹುಡುಕಿ ನಮಗೆ ಕೊಟ್ಟರೆ ಉಳಿಯುವುದು ಮೂರೇ ಗಂಟೆ, ಅದರಲ್ಲಿ ಪರೀಕ್ಷೆಯೂ ಆಗಬೇಕು. ನಾವು ಎರಡು ಗಂಟೆ ಅಂತ ಒಳಗಿನ ಒಪ್ಪಂದ ಮಾಡಿಕೊಂಡೆವು. ಇ-ವೇ ಪೋರ್ಟಲ್ಲೇ ನಿಂತರೆ ಆ ಹೊತ್ತು ಯಾರ ಲೆಕ್ಕಕ್ಕೂ ಸೇರದು ಅಂತಲೂ ಬರೆದೆವು.

'ಗ್ರಾಹಕರ ಉತ್ತರಕ್ಕೆ ಕಾಯುತ್ತಿದ್ದೇವೆ' ಅಂತ ಗಡಿಯಾರ ನಿಲ್ಲಿಸುವ ಬಟನ್ ಬಗ್ಗೆ ಎಚ್ಚರ. ಯಾರನ್ನು, ಎಷ್ಟು ಗಂಟೆಗೆ, ಏನು ಕೇಳಿದಿರಿ ಅಂತ ಬರೆಯದೆ ನಿಲ್ಲಿಸಲು ಬಿಡಬೇಡಿ. ತಿಂಗಳ ವರದಿ ಚೆಂದ ಕಾಣಲು ಎಲ್ಲರೂ ಮೊದಲು ಒತ್ತುವ ಬಟನ್ ಅದು.

ನಿಮಗೆ ಆ ಭಾನುವಾರ ರಾತ್ರಿ ಏನಾಯಿತು? ಎಲ್ಲರೂ ಅದನ್ನೇ ಹೇಳುತ್ತಾರೆ.

ಹೇಳುತ್ತೇನೆ. ತಪ್ಪು ನಮ್ಮ ತಂಡದ್ದೇ.

ಆಗಸ್ಟ್ ಕೊನೆಯ ಭಾನುವಾರ, ಶುರುವಾಗಿ ಸುಮಾರು 60ನೇ ದಿನ. ರಾತ್ರಿ 10:40ಕ್ಕೆ ಗೇಟಿನಿಂದ ಸಪೋರ್ಟಿಗೆ ಕರೆ: ಪಾಸ್ ಸೇವ್ ಆಗುತ್ತಿಲ್ಲ. ಪಾಳಿಯಲ್ಲಿದ್ದ ಹುಡುಗ ಚುರುಕು. ನಾವು ಕೊಟ್ಟ ಕೈಪಿಡಿ ತೆರೆದ. ಅದರಲ್ಲಿ ಬರೆದದ್ದು ಒಂದೇ ಸಾಲು: 'ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿ.' ಮಾಡಿದ. ಏಳಲಿಲ್ಲ, ಯಾಕೆಂದರೆ ಕೆಳಗೆ ಡೇಟಾಬೇಸೇ ನಿಂತಿತ್ತು. ಅದರ ಲಾಗ್‌ನಲ್ಲಿ `No space left on device` ಅಂತಿತ್ತು. ಡಿಸ್ಕ್ ನೂರಕ್ಕೆ ನೂರು ತುಂಬಿತ್ತು.

ಅವನು ದೊಡ್ಡ ಫೈಲ್ ಹುಡುಕಿದ. ಲೇಬಲ್ ಪ್ರಿಂಟ್ ಸರ್ವಿಸ್‌ನ ಲಾಗ್ ಫೈಲ್ ಒಂದೇ 60 ಜಿಬಿ ದಾಟಿತ್ತು. ಅದನ್ನು ಅಳಿಸಿದ. ಮತ್ತೆ ನೋಡಿದ, ಡಿಸ್ಕ್ ಇನ್ನೂ ನೂರೇ! 11:35ಕ್ಕೆ ನನಗೆ ಫೋನ್ ಬಂತು, ದನಿ ನಡುಗುತ್ತಿತ್ತು. ಹೊರಗೆ ಒಂಬತ್ತು ಲಾರಿ ಹಾರ್ನ್ ಹೊಡೆಯುವುದು ಗೇಟಿನವರ ಫೋನಿನಲ್ಲಿ ಅವನಿಗೂ ಕೇಳಿಸಿತ್ತಂತೆ.

ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಮ್ ತೆರೆದಿಟ್ಟುಕೊಂಡಿರುವ ಫೈಲನ್ನು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ. ಪ್ರೋಗ್ರಾಮ್ ಅದನ್ನು ಬಿಡುವವರೆಗೆ ಜಾಗ ವಾಪಸ್ ಬರುವುದಿಲ್ಲ. ಹುಡುಗ ರೀಸ್ಟಾರ್ಟ್ ಮಾಡಿದ್ದು ಮುಖ್ಯ ಅಪ್ಲಿಕೇಶನ್, ಫೈಲ್ ಹಿಡಿದುಕೊಂಡಿದ್ದು ಲೇಬಲ್ ಸರ್ವಿಸ್. ಅವನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು:

```
df -h
sudo lsof +L1
sudo systemctl restart labelprint
df -h
```

ಎರಡನೆಯ ಸಾಲು, ಅಳಿಸಿಹೋಗಿದ್ದರೂ ಯಾವ ಪ್ರೋಗ್ರಾಮ್ ಇನ್ನೂ ಹಿಡಿದುಕೊಂಡಿದೆ ಅಂತ ತೋರಿಸುತ್ತದೆ. ಮೂರನೆಯದು ಅದನ್ನು ಬಿಡಿಸುತ್ತದೆ. ಜಾಗ ಬಂತು, ಡೇಟಾಬೇಸ್ ಎದ್ದಿತು, 12:20ಕ್ಕೆ ಮೊದಲ ಲಾರಿ ಹೊರಬಿತ್ತು. ಒಟ್ಟು ಒಂದು ಗಂಟೆ ನಲವತ್ತು ನಿಮಿಷ.

ಪರೀಕ್ಷೆಯಲ್ಲಿ ಅದು ಯಾಕೆ ಸಿಗಲಿಲ್ಲ?

ಯಾವುದೋ ದೋಷ ಹುಡುಕಲು ಹೋದ ಒಬ್ಬ ಎಂಜಿನಿಯರ್ ಲೇಬಲ್ ಸರ್ವಿಸ್‌ನ ಲಾಗ್ ಮಟ್ಟವನ್ನು ಪ್ರತಿ ಸಣ್ಣ ಹೆಜ್ಜೆಯನ್ನೂ ಬರೆಯುವ `DEBUG`ಗೆ ಇಟ್ಟು ವಾಪಸ್ ಬದಲಿಸಿರಲಿಲ್ಲ. ದಿನಕ್ಕೆ 1.2 ಜಿಬಿ ಬರೆಯುತ್ತಿತ್ತು. ಗುರುವಾರ ರಜೆ, ಹಾಗಾಗಿ ವಾರಕ್ಕೆ 7.2 ಜಿಬಿ. 100 ಜಿಬಿ ಡಿಸ್ಕ್‌ನಲ್ಲಿ ಶುರುವಿಗೆ 62 ಖಾಲಿ ಇತ್ತು. 62ನ್ನು 7.2ರಿಂದ ಭಾಗಿಸಿ: ಎಂಟೂವರೆ ವಾರ, ಅಂದರೆ ಸುಮಾರು ಅರವತ್ತು ದಿನ. ಪರೀಕ್ಷೆ ನಡೆದದ್ದು ಮೂರು ವಾರ, ಅದೂ ಪ್ರತಿ ಸೋಮವಾರ ಅಳಿಸಿ ಹೊಸದಾಗಿ ಕಟ್ಟುತ್ತಿದ್ದ ಬೇರೆ ಯಂತ್ರದ ಮೇಲೆ. ಅಲ್ಲಿ ಸಿಗುವುದು ಸಾಧ್ಯವೇ ಇರಲಿಲ್ಲ.

ದಿನದಿಂದ ದಿನಕ್ಕೆ ಬೆಳೆಯುವ ಇಂಥ ವಿಷಯಗಳೇ ವಾರಂಟಿಯ ಎರಡನೇ, ಮೂರನೇ ತಿಂಗಳಲ್ಲಿ ಹೊರಬರುವುದು. ಮೊದಲ ತಿಂಗಳು ಸದ್ದಿಲ್ಲದೆ ಕಳೆಯಿತು ಅಂತ ತಂಡವನ್ನು ಬೇಗ ಬಿಡಬೇಡಿ. ಮರುದಿನ ಲಾಗ್ ಮಟ್ಟ ಇಳಿಸಿ, ಹಳೆಯದನ್ನು ದಿನಾ ಬೇರೆ ಫೈಲಿಗೆ ಸರಿಸಿ, 14 ದಿನದ್ದು ಮಾತ್ರ ಉಳಿಸಿ ಉಳಿದದ್ದನ್ನು ತಾನಾಗೇ ಅಳಿಸುವ ಏರ್ಪಾಡು ಮಾಡಿದೆವು:

```
/var/log/labelprint/*.log {
    daily
    rotate 14
    compress
    missingok
    copytruncate
}
```

`copytruncate` ನಕಲು ಮಾಡಿ ಮೂಲವನ್ನು ಖಾಲಿ ಮಾಡುತ್ತದೆ, ಹಾಗಾಗಿ ಸರ್ವಿಸ್ ನಿಲ್ಲಿಸಬೇಕಿಲ್ಲ. ಆ ಗಳಿಗೆಯ ಒಂದೆರಡು ಸಾಲು ತಪ್ಪಿಹೋಗಬಹುದು, ಲೇಬಲ್ ಲಾಗ್‌ಗೆ ಅದು ನಡೆಯುತ್ತದೆ. ಹಣದ ಲೆಕ್ಕದ ಲಾಗ್‌ಗೆ ಇದನ್ನು ಹಾಕಬೇಡಿ. ಜೊತೆಗೆ ಡಿಸ್ಕ್ 80 ಶೇಕಡಾ ಆದರೆ ಮೆಸೇಜ್ ಬರುವಂತೆ ಮಾಡಿದೆವು. ಇದು ಮೊದಲೇ ಇದ್ದಿದ್ದರೆ, ಉಳಿದ 20 ಜಿಬಿ ತುಂಬಲು ಎರಡೂ ಮುಕ್ಕಾಲು ವಾರ ಬೇಕಿತ್ತು. ಯಾರೂ ರಾತ್ರಿ ಏಳಬೇಕಿರಲಿಲ್ಲ.

ಆ ರಾತ್ರಿ ಎಸ್‌ಎಲ್‌ಎ ತಪ್ಪಿತಾ?

ಇಲ್ಲ! ಕರಾರಿನ ಪ್ರಕಾರ ಗಡಿಯಾರ ಶುರುವಾಗುವುದೇ ಸೋಮವಾರ ಬೆಳಿಗ್ಗೆ 9ಕ್ಕೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ತಿಂಗಳ ವರದಿಯಲ್ಲಿ ನಮಗೆ ನೂರಕ್ಕೆ ನೂರು. ಆ ಹಾಳೆಯನ್ನು ಕಾರ್ಖಾನೆಯ ಲಾಜಿಸ್ಟಿಕ್ಸ್ ಮ್ಯಾನೇಜರ್ ಮುಂದೆ ಇಟ್ಟಾಗ ಅವರು ಏನೂ ಮಾತಾಡಲಿಲ್ಲ, ಹಾಳೆಯನ್ನು ಮಗುಚಿ ಇಟ್ಟರು. ಮರುವಾರ ಕ್ಯಾಲೆಂಡರ್ ತಿದ್ದಿದೆವು: ಪಿ1ಕ್ಕೆ ಎಲ್ಲ ಪಾಳಿ, ಭಾನುವಾರವೂ ಸೇರಿ. ಉಳಿದದ್ದಕ್ಕೆ ಶುಕ್ರವಾರದಿಂದ ಬುಧವಾರ.

ತಪ್ಪು ಪ್ರಾಜೆಕ್ಟಿನದೋ ಸಪೋರ್ಟಿನದೋ? ಡಿಸ್ಕ್ ನೋಡಿಕೊಳ್ಳುವುದು ಸಪೋರ್ಟಿನ ಕೆಲಸ ತಾನೇ?

ನಮ್ಮ ಕಡೆಯ ಕೆಲವರೂ ಹೀಗೇ ಅಂದರು. `DEBUG` ಬಿಟ್ಟದ್ದು ದೋಷ, ನಮ್ಮದು. ಎಚ್ಚರಿಕೆಯ ಮೆಸೇಜ್ ಇಲ್ಲದ ಸಿಸ್ಟಮ್ ಕೊಟ್ಟದ್ದು ಹಸ್ತಾಂತರದ ಕೊರತೆ, ಅದೂ ನಮ್ಮದು. ಮೆಸೇಜ್ ಕೊಟ್ಟ ಮೇಲೂ ಅದನ್ನು ನೋಡದೆ ಬಿಟ್ಟರೆ ಆಗ ಸಪೋರ್ಟಿನದು. ಕಣ್ಣೇ ಕೊಡದೆ ನೋಡಲಿಲ್ಲ ಎನ್ನುವುದು ಯಾವ ನ್ಯಾಯ?

ಹಾಗಾದರೆ ಕೈಪಿಡಿಯಲ್ಲಿ ಏನಿರಬೇಕು?

ನಾವು ಕೊಟ್ಟದ್ದು 140 ಪುಟ. ಆ ರಾತ್ರಿ ಬೇಕಾದದ್ದು ಅರ್ಧ ಪುಟ, ಅದೇ ಇರಲಿಲ್ಲ. ವಿನ್ಯಾಸದ ದಾಖಲೆ ಬೇಡ ಅನ್ನುತ್ತಿಲ್ಲ. ಅದನ್ನು ಹಗಲು ಹೊತ್ತಿನಲ್ಲಿ ಓದುತ್ತಾರೆ. ರಾತ್ರಿಗೆ ಬೇಕಾದದ್ದು ಬೇರೆ.

ಈಗ ಪ್ರತಿ ತೊಂದರೆಗೆ ಒಂದು ಪುಟ ಬರೆಸುತ್ತೇನೆ. ತಲೆಬರಹ, ಫೋನಿನಲ್ಲಿ ಗೇಟಿನವರು ಆಡುವ ಮಾತಿನಲ್ಲಿ: 'ಪಾಸ್ ಸೇವ್ ಆಗುತ್ತಿಲ್ಲ.' ನಂತರ ಮೊದಲು ಏನು ನೋಡಬೇಕು, ಪರದೆ ಮೇಲೆ ಏನು ಕಂಡರೆ ಯಾವ ದಾರಿ. ಆಮೇಲೆ ಆಜ್ಞೆ, ಮತ್ತು ಸರಿಹೋಯಿತು ಅಂತ ಹೇಗೆ ಗೊತ್ತಾಗುತ್ತದೆ. ಕೊನೆಗೆ, ಎಷ್ಟು ನಿಮಿಷ ಪ್ರಯತ್ನಿಸಿ ಯಾರನ್ನು ಎಬ್ಬಿಸಬೇಕು. ಈ ಕೊನೆಯ ಸಾಲು ಇದ್ದಿದ್ದರೆ ಆ ಹುಡುಗ 55 ನಿಮಿಷ ಒಬ್ಬನೇ ಒದ್ದಾಡುತ್ತಿರಲಿಲ್ಲ. ನಮ್ಮನ್ನು ಎಬ್ಬಿಸಲು ಹೆದರಿದ್ದನಂತೆ.

ಪುಟ ಬರೆಯಬೇಕಾದವರು ಪ್ರೋಗ್ರಾಮ್ ಬರೆದವರಲ್ಲ, ಸಪೋರ್ಟಿನವರು. ನಾವು ವಿವರಿಸುತ್ತೇವೆ, ಅವರು ಬರೆದು ನಮಗೇ ವಾಪಸ್ ಪಾಠ ಹೇಳುತ್ತಾರೆ. ತಪ್ಪು ತಿಳಿದದ್ದು ಆಗ ಬಯಲಾಗುತ್ತದೆ. ಆಮೇಲೆ ಆ ತರಬೇತಿಗೆ ಬಾರದ ಮೂರನೆಯವರ ಕೈಗೆ ಪುಟ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುವುದು. ಅವರು ಎಲ್ಲಿ ನಿಂತು ನಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಸಾಲು ಬಿಟ್ಟಿದೆ ಅಂತ ಅರ್ಥ.

ಭಾಷೆ? ಆಜ್ಞೆ ಇಂಗ್ಲಿಷ್, ವಿವರಣೆ ಸರಳ ಇಂಗ್ಲಿಷ್. ಗೇಟಿನಲ್ಲಿ ಅಂಟಿಸುವ ಒಂದು ಹಾಳೆ ಮಾತ್ರ ಮರಾಠಿ ಮತ್ತು ಹಿಂದಿ.

ಬ್ಯಾಕಪ್ ದಿನಾ ಆಗುತ್ತಿದೆ. ಅಷ್ಟು ಸಾಕಲ್ವಾ?

ವಾಪಸ್ ತಂದು ನೋಡಿದ್ದೀರಾ? ನಾವು ಭಾನುವಾರದ ಘಟನೆಯಾದ ಮೇಲೆ ಮೊದಲ ಸಲ ನೋಡಿದೆವು. ಡೇಟಾಬೇಸ್ ಪೂರ್ತಿ ವಾಪಸ್ ಬರಲು ಐದು ಗಂಟೆ ಹಿಡಿಯಿತು. ಎಸ್‌ಎಲ್‌ಎ 4 ಗಂಟೆ. ಅಂದರೆ ನಿಜವಾಗಿ ಡಿಸ್ಕ್ ಸುಟ್ಟಿದ್ದರೆ ಆ ಮಾತು ಉಳಿಸಿಕೊಳ್ಳುವ ದಾರಿಯೇ ಇರಲಿಲ್ಲ. ಸಹಿ ಹಾಕುವ ಮೊದಲು ಗಡಿಯಾರ ಹಿಡಿದು ಒಮ್ಮೆ ವಾಪಸ್ ತರಿಸಿ, ಆಮೇಲೆ ಗಂಟೆ ಬರೆಯಿರಿ.

ಎಷ್ಟು ಕಳೆದುಹೋಗುತ್ತದೆ ಅನ್ನುವುದೂ ಬೇರೆ ಲೆಕ್ಕ. ಬ್ಯಾಕಪ್ ಬೆಳಗಿನ ಜಾವ 2ಕ್ಕೆ. ರಾತ್ರಿ 10ಕ್ಕೆ ಕೆಟ್ಟರೆ 20 ಗಂಟೆಯ ಗೇಟ್ ಪಾಸ್ ಹೋಯಿತು. ಬದಲಾವಣೆಗಳ ಲಾಗನ್ನು ಕೆಲವು ನಿಮಿಷಕ್ಕೊಮ್ಮೆ ಬೇರೆ ಯಂತ್ರಕ್ಕೆ ಕಳಿಸುವ ಏರ್ಪಾಡು ಮಾಡಿಕೊಂಡು ಅದನ್ನು ಕಡಿಮೆ ಮಾಡಿದೆವು.

ಪಾಸ್‌ವರ್ಡ್, ಸರ್ಟಿಫಿಕೇಟ್ ಇತ್ಯಾದಿ?

ಯಾರದೋ ಸ್ವಂತ ಮೇಲ್ ಐಡಿಗೆ ಕಟ್ಟಿದ ಖಾತೆ ಒಂದೂ ಉಳಿಯಬಾರದು. ಅವಧಿ ಮುಗಿಯುವ ಎಲ್ಲದರ ಪಟ್ಟಿ ತಾರೀಖಿನ ಸಮೇತ ಕೊಡಿ. ವೆಬ್‌ಸೈಟ್ ಸರ್ಟಿಫಿಕೇಟ್ ಮುಗಿಯುವುದು ಸಾಮಾನ್ಯವಾಗಿ ವಾರಂಟಿ ಮುಗಿದ ಮೇಲೆ, ನೆನಪಿರುವವರು ಬೇರೆ ಪ್ರಾಜೆಕ್ಟಿಗೆ ಹೋದ ಮೇಲೆ.

ಸಪೋರ್ಟ್ ತಂಡ 'ನಾವು ತೆಗೆದುಕೊಳ್ಳುವುದಿಲ್ಲ' ಎಂದರೆ?

ಆ ಹಕ್ಕು ಅವರಿಗಿರಬೇಕು, ಆದರೆ ಅಳತೆ ಮೊದಲೇ ಹೇಳಿರಬೇಕು. ನಮ್ಮಲ್ಲಿ ಒಪ್ಪಿದ್ದು: ತೆರೆದ ಪಿ1, ಪಿ2 ಒಂದೂ ಇರಬಾರದು. ಪಿ3 ಇರಬಹುದು, ಆದರೆ ಪ್ರತಿಯೊಂದಕ್ಕೂ ಸದ್ಯಕ್ಕೆ ಕೆಲಸ ನಡೆಸುವ ದಾರಿ ಬರೆದಿರಬೇಕು. ಮತ್ತು ಕೊನೆಯ ಎರಡು ವಾರದ ಪ್ರತಿ ಹತ್ತು ಕರೆಯಲ್ಲಿ ಎಂಟನ್ನು ನಮ್ಮನ್ನು ಕೇಳದೆ ಅವರೇ ಮುಗಿಸಿರಬೇಕು. ನಾನು ಜಾಸ್ತಿ ನಂಬುವುದು ಈ ಮೂರನೆಯದನ್ನು. ಮೊದಲ ಎರಡನ್ನು ಕಾಗದದ ಮೇಲೆ ಹೊಂದಿಸಬಹುದು.

ಪ್ರೋಗ್ರಾಮ್ ಬರೆದವನು ಕೆಲಸ ಬಿಟ್ಟರೆ ವಾರಂಟಿ ಕೆಲಸ ಯಾರು ಮಾಡುತ್ತಾರೆ?

ಹೆಸರು ಹಿಡಿದು ಇಬ್ಬರನ್ನು ವಾರಕ್ಕೆ ಒಂದು ದಿನದಂತೆ ಕಾಯ್ದಿರಿಸಿ. 'ಬೇಕಾದಾಗ ಯಾರಾದರೂ ಸಿಗುತ್ತಾರೆ' ಅಂದರೆ ಯಾರೂ ಸಿಗುವುದಿಲ್ಲ.

ಕೊನೆಯ ಕಂತು 10 ಶೇಕಡಾ ತಡೆದಿಟ್ಟಿದ್ದಾರೆ. ಯಾವಾಗ ಸಿಗುತ್ತದೆ?

ವಾರಂಟಿ ಮುಗಿದ ಕೂಡಲೇ ತಾನಾಗೇ ಬರುವುದಿಲ್ಲ. 75ನೇ ದಿನ ಒಂದು ಮೀಟಿಂಗ್ ಕರೆಯಿರಿ, 90ನೇ ದಿನ ಅಲ್ಲ. ತೆರೆದಿರುವ ಪಟ್ಟಿ ಮುಂದಿಟ್ಟು ಯಾವುದು ದೋಷ, ಯಾವುದು ಬದಲಾವಣೆ ಅಂತ ಪ್ರತಿಯೊಂದಕ್ಕೂ ಸಹಿ ಮಾಡಿಸಿ. ಉಳಿದ ಎರಡು ವಾರದಲ್ಲಿ ದೋಷಗಳನ್ನು ಮುಗಿಸಿ. ನಮ್ಮದರಲ್ಲಿ ಹನ್ನೊಂದು ಬಾಕಿಯಿದ್ದವು, ಆರು ದೋಷ, ಐದು ಬದಲಾವಣೆ. ಆರನ್ನೂ 89ನೇ ದಿನಕ್ಕೆ ಮುಗಿಸಿದೆವು. ಸಣ್ಣ ಬಾಕಿ ಇದ್ದರೆ ಇಡೀ ಹತ್ತು ಶೇಕಡಾ ತಡೆಯಬಾರದು, ಆ ಬಾಕಿಯ ಬೆಲೆಯಷ್ಟೇ ತಡೆಯಬೇಕು ಅಂತ ಕರಾರಿನಲ್ಲೇ ಹಾಕಿಸಿಕೊಳ್ಳಿ.

ವಾರಂಟಿ ಮುಗಿದರೂ ಗೇಟಿನವರು ನನಗೇ ಫೋನ್ ಮಾಡುತ್ತಾರೆ. ಏನು ಮಾಡಲಿ?

ಎತ್ತಿ, ಮಾತಾಡಿ, ಆದರೆ ಕೆಲಸ ಮಾಡಬೇಡಿ. 'ಸಪೋರ್ಟಿಗೆ ಹೇಳಿ, ಅವರು ನನ್ನನ್ನು ಕರೆಯುತ್ತಾರೆ' ಅನ್ನಿ. ನೀವೇ ಸರಿಮಾಡಿದರೆ ಆ ಕರೆ ದಾಖಲಾಗುವುದಿಲ್ಲ, ಸಪೋರ್ಟಿನವರು ಕಲಿಯುವುದಿಲ್ಲ, ಮತ್ತೆ ಅದೇ ತೊಂದರೆಗೆ ಮತ್ತೆ ನಿಮಗೇ ಫೋನ್. ನಾನು ಮೂರು ತಿಂಗಳು ಹೀಗೇ ಹೇಳಿದೆ, ಆದರೂ ಕರೆ ನಿಲ್ಲಲಿಲ್ಲ. ಕೊನೆಗೆ ಒಂದು ದಿನ ಚಾಕಣಕ್ಕೆ ಹೋಗಿ ನೋಡಿದರೆ ಗೇಟ್ ಕ್ಯಾಬಿನ್ ಗೋಡೆಯ ಮೇಲೆ, ಪ್ರಿಂಟರಿನ ಪಕ್ಕ, ನನ್ನ ನಂಬರನ್ನು ದಪ್ಪ ಮಾರ್ಕರಿನಲ್ಲಿ ಬರೆದಿದ್ದರು. ಅದರ ಮೇಲೆ ಸಪೋರ್ಟ್ ನಂಬರಿನ ಸ್ಟಿಕ್ಕರ್ ಅಂಟಿಸಿ ಬಂದೆ. ದೀಪಾವಳಿಗೆ ಬಣ್ಣ ಹೊಡೆಸಿದಾಗ ಸ್ಟಿಕ್ಕರ್ ಕಿತ್ತುಹೋಯಿತು. ಬಣ್ಣದ ಕೆಳಗಿನಿಂದ ಮಾರ್ಕರ್ ಮಾತ್ರ ಇನ್ನೂ ಕಾಣುತ್ತದಂತೆ.